ರಜೆ ಅರ್ಜಿಯ ಕೊನೆಯ ಸಾಲು

ಕೇಳುಗರಿಗೆ ನಮಸ್ಕಾರ.

ನಾನು ಒಂದು ಬೋಧನಾ ಆಸ್ಪತ್ರೆಯ ಮೆಡಿಸಿನ್ ವಿಭಾಗದ ಮುಖ್ಯಸ್ಥನಾಗಿದ್ದವನು. ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಮೇಜಿಗೆ ಒಂದೇ ಬಗೆಯ ಅರ್ಜಿಗಳು ಬರುತ್ತಿದ್ದವು. ಎಂಬಿಬಿಎಸ್ ಮುಗಿಸಿ, ಜೂನಿಯರ್ ರೆಸಿಡೆಂಟ್ ಆಗಿ ವಾರ್ಡಿನಲ್ಲಿ ದುಡಿಯುತ್ತಾ, ಸ್ನಾತಕೋತ್ತರ ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುವ ಮಕ್ಕಳ ರಜೆ ಅರ್ಜಿಗಳು. ಅವುಗಳಲ್ಲಿ ಒಂದರ ಬಗ್ಗೆ ಇವತ್ತು ಹೇಳಬೇಕು. ಅದು 2025ರ ಮೇ ತಿಂಗಳ ಮಾತು.

ಹುಡುಗಿ ತಂದ ಮೊದಲ ಅರ್ಜಿಯಲ್ಲಿ ಎರಡೇ ಸಾಲಿತ್ತು. ಪರೀಕ್ಷೆಗೆ ಓದಬೇಕು, ಎರಡು ವಾರ ಸ್ಟಡಿ ಲೀವ್ ಕೊಡಿ ಅಂತ. ನಾನು ಓದಿ ವಾಪಸ್ ಕೊಟ್ಟೆ. ಅವಳ ಮುಖ ಸಣ್ಣದಾಯಿತು. "ಕೂತ್ಕೋಮ್ಮ, ರಜೆ ಕೊಡಲ್ಲ ಅಂತ ಹೇಳ್ತಿಲ್ಲ" ಅಂದೆ.

ತೊಂದರೆ ಇದ್ದದ್ದು ಸ್ಟಡಿ ಲೀವ್ ಎಂಬ ಮಾತಿನಲ್ಲೇ. ಅದು ಕಾಯಂ ನೌಕರರು ಕೋರ್ಸು ಓದಲು ಹೋಗುವಾಗ ಪಡೆಯುವ ರಜೆ. ಗುತ್ತಿಗೆಯ ಮೇಲೆ ಬಂದ ಜೂನಿಯರ್ ರೆಸಿಡೆಂಟ್ ಹಾಗೆ ಬರೆದರೆ ಕಚೇರಿಯ ಗುಮಾಸ್ತರು ಅದನ್ನು ಮುಂದೆ ಕಳಿಸುವುದಿಲ್ಲ. ಇಂಥವರಿಗೆ ಎಷ್ಟು ರಜೆ ಎಂದು ಅವರ ನೇಮಕಾತಿ ಆದೇಶದಲ್ಲೇ ಬರೆದಿರುತ್ತದೆ. ಪಿಜಿ ವಿದ್ಯಾರ್ಥಿಗಳ ನಿಯಮವೇ ಬೇರೆ. ಅದನ್ನು ನೋಡಿ ಇಲ್ಲಿ ಲೆಕ್ಕ ಹಾಕಬಾರದು. ಆದೇಶ ತೆಗೆದು ನೋಡಿದೆವು. ಅವಳಿಗೆ ಉಳಿದಿದ್ದದ್ದು ಹತ್ತು ಸಿ.ಎಲ್., ಅಂದರೆ ಹತ್ತು ದಿನದ ಸಾಂದರ್ಭಿಕ ರಜೆ, ಅಷ್ಟೆ.

ಪರೀಕ್ಷೆ ಜೂನ್ 15, ಭಾನುವಾರ. ಹತ್ತು ದಿನ ಇಟ್ಟುಕೊಂಡು ಹಿಂದಕ್ಕೆ ಎಣಿಸಿದೆವು. ಎರಡು ಭಾನುವಾರ ಅವಳ ವಾರದ ರಜೆ. ಹಾಗಾಗಿ ಜೂನ್ 4ರಿಂದ 15ರವರೆಗೆ, ಒಟ್ಟು ಹನ್ನೆರಡು ದಿನ ಕೈಗೆ ಸಿಕ್ಕಿತು. ಎರಡು ವಾರ ಅಂತ ಬರೆಯುವುದಕ್ಕೂ, ಈ ತಾರೀಖಿನಿಂದ ಈ ತಾರೀಖಿನವರೆಗೆ, ಅದರಲ್ಲಿ ಹತ್ತು ಸಿ.ಎಲ್., ಎರಡು ಭಾನುವಾರ ಅಂತ ಬರೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎರಡನೆಯದಕ್ಕೆ ಕಚೇರಿಯವರು ಪ್ರಶ್ನೆ ಕೇಳಬೇಕಾಗಿಲ್ಲ.

ಆ ಹನ್ನೆರಡು ದಿನ ಯಾಕೆ ಬೇಕು ಅಂತ ಅವಳೇ ಹೇಳಿದಳು. ಆ ವರ್ಷದ ಪರೀಕ್ಷೆಯಲ್ಲಿ 200 ಪ್ರಶ್ನೆ, ಮೂರೂವರೆ ಗಂಟೆ. ಅದನ್ನು ಐದು ಭಾಗ ಮಾಡಿದ್ದರು. ಒಂದೊಂದರಲ್ಲಿ 40 ಪ್ರಶ್ನೆ, 42 ನಿಮಿಷ. ಸಮಯ ಮುಗಿದರೆ ಆ ಭಾಗಕ್ಕೆ ಮತ್ತೆ ಹೋಗಲು ಬರುವುದಿಲ್ಲ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದು ಅಣಕು ಪರೀಕ್ಷೆ ಬರೆದ ದಿನ ಮೊದಲ ಎರಡು ಭಾಗ ಚೆನ್ನಾಗಿರುತ್ತವಂತೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪ್ರಶ್ನೆಯನ್ನು ಮೂರು ಸಲ ಓದಬೇಕಾಗುತ್ತದಂತೆ. "ಗೊತ್ತಿರೋದನ್ನೇ ತಪ್ಪು ಮಾಡ್ತೀನಿ ಸರ್" ಅಂದಳು. ಆ ಮಾತು ನನ್ನ ಮನಸ್ಸಿಗೆ ತಾಗಿತು. ನಿದ್ದೆಗೆಟ್ಟ ತಲೆ ಏನು ಮಾಡುತ್ತದೆ ಅಂತ ವೈದ್ಯರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಮುಖ್ಯಸ್ಥನ ಕಷ್ಟ. ನನಗೆ ಅವಳ ಓದಿನ ಬಗ್ಗೆ ಅನುಮಾನ ಇರಲಿಲ್ಲ. ಜೂನ್ 5ರ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಯಾರಿರುತ್ತಾರೆ ಅನ್ನೋದು ನನ್ನ ಚಿಂತೆ. ನಮ್ಮಲ್ಲಿ ಮುಂದಿನ ತಿಂಗಳ ಡ್ಯೂಟಿ ಪಟ್ಟಿ 25ನೇ ತಾರೀಖು ತಯಾರಾಗುತ್ತಿತ್ತು. ಅರ್ಜಿ ಅದಕ್ಕಿಂತ ಮುಂಚೆ ಬಂದರೆ ಪಟ್ಟಿಯೊಳಗೇ ಸರಿಪಡಿಸಬಹುದು. ಆಮೇಲೆ ಬಂದರೆ ಇನ್ನೊಬ್ಬರ ನಿದ್ದೆ ಕಿತ್ತುಕೊಳ್ಳಬೇಕು.

ಮೂರು ದಿನ ಬಿಟ್ಟು ಅವಳು ಎರಡನೇ ಅರ್ಜಿ ತಂದಳು. ಆ ಹನ್ನೆರಡು ದಿನದಲ್ಲಿ ಅವಳ ಪಾಲಿಗೆ ನಾಲ್ಕು ರಾತ್ರಿ ಬರುತ್ತಿದ್ದವು: 5, 9, 11, 14. ಎರಡನ್ನು ಒಬ್ಬ ಗೆಳೆಯ, ಎರಡನ್ನು ಒಬ್ಬ ಗೆಳತಿ ಒಪ್ಪಿಕೊಂಡಿದ್ದರು. ಬದಲಿಗೆ ತಿಂಗಳ ಕೊನೆಯಲ್ಲಿ ಅವರ ನಾಲ್ಕು ರಾತ್ರಿ ಇವಳು ಮಾಡುವುದು. ಇಬ್ಬರ ಸಹಿಯೂ ಇತ್ತು, ಯೂನಿಟ್ ಚೀಫ್ ಶಿಫಾರಸೂ ಇತ್ತು. ಬಾಯಿಮಾತಿನ ಒಪ್ಪಿಗೆ ನಂಬಿ ಸಹಿ ಹಾಕಿ, ಆ ರಾತ್ರಿ ಯಾರೂ ಬಾರದೆ ಹೋದದ್ದನ್ನು ನಾನು ಕಂಡಿದ್ದೇನೆ.

ಆದರೂ ಪಟ್ಟಿ ಪಕ್ಕದಲ್ಲಿಟ್ಟು ನೋಡಿದಾಗ ಒಂದು ತಪ್ಪು ಸಿಕ್ಕಿತು. 11ರ ರಾತ್ರಿ ಒಪ್ಪಿಕೊಂಡ ಹುಡುಗನಿಗೆ 12ರ ಬೆಳಿಗ್ಗೆ ಒಪಿಡಿ. ರಾತ್ರಿಯಿಡೀ ನಿಂತವನು ಮತ್ತೆ ಹಗಲಿಡೀ ರೋಗಿಗಳನ್ನು ನೋಡಬೇಕು. ಇಂಥದ್ದು ಅರ್ಜಿಯಲ್ಲಿ ಕಾಣುವುದಿಲ್ಲ. ಪಟ್ಟಿಯ ಜೊತೆ ಇಟ್ಟರೆ ಮಾತ್ರ ಕಾಣುತ್ತದೆ. 9ನ್ನೂ 11ನ್ನೂ ಅದಲು ಬದಲು ಮಾಡಿದೆವು.

ಅರ್ಜಿಗೆ ಪರೀಕ್ಷೆಯ ಅಡ್ಮಿಟ್ ಕಾರ್ಡ್ ಲಗತ್ತಿಸಿ ಅಂತ ಕೆಲವರು ಹಟ ಹಿಡಿಯುತ್ತಾರೆ. ಅದು ಬರುವುದೇ ಪರೀಕ್ಷೆಗೆ ಕೆಲವು ದಿನ ಮುಂಚೆ. ಪರೀಕ್ಷೆಗೆ ಅರ್ಜಿ ಹಾಕಿದ ಪುಟದ ಪ್ರತಿ ಸಾಕು.

ಈಗ ಕೊನೆಯ ಸಾಲಿಗೆ ಬರುತ್ತೇನೆ. 2024ರಲ್ಲಿ ಜೂನ್ 23ಕ್ಕೆ ಇದ್ದ ನೀಟ್ ಪಿಜಿಯನ್ನು ಹಿಂದಿನ ರಾತ್ರಿ ಮುಂದೂಡಿದ್ದರು. ಅದು ನಡೆದದ್ದು ಆಗಸ್ಟ್ 11ಕ್ಕೆ. ಅದು ನೆನಪಿದ್ದುದರಿಂದ ಅವಳಿಗೆ ಒಂದು ಸಾಲು ಸೇರಿಸಲು ಹೇಳಿದೆ. ಅದು ಹೀಗಿತ್ತು: "ಪರೀಕ್ಷೆಯ ದಿನಾಂಕ ಬದಲಾದರೆ ಈ ರಜೆಯಲ್ಲಿ ಬಳಸದೆ ಉಳಿದ ದಿನಗಳನ್ನು ರದ್ದೆಂದು ತಿಳಿದು, ನನ್ನನ್ನು ಕರ್ತವ್ಯಕ್ಕೆ ಸೇರಿಸಿಕೊಳ್ಳಬೇಕಾಗಿಯೂ, ಹೊಸ ದಿನಾಂಕಕ್ಕೆ ಮುಂಚೆ ಅಷ್ಟೇ ದಿನಗಳನ್ನು ಕೊಡಬೇಕಾಗಿಯೂ ಕೋರುತ್ತೇನೆ."

ಆ ವರ್ಷ ಪರೀಕ್ಷೆ ಎರಡು ಪಾಳಿಯಲ್ಲಿ ಅಂತ ಇತ್ತು. ಮೇ 30ಕ್ಕೆ ಸುಪ್ರೀಂ ಕೋರ್ಟ್ ಒಂದೇ ಪಾಳಿಯಲ್ಲಿ ಮಾಡಿ ಅಂದಿತು. ಪರೀಕ್ಷೆ ನಡೆಸುವ ಮಂಡಳಿ ಜೂನ್ 2ಕ್ಕೆ ಅದನ್ನು ಮುಂದೂಡಿತು. ಅವಳ ರಜೆ ಶುರುವಾಗಲು ಇನ್ನೆರಡು ದಿನ ಇತ್ತು. ಅವತ್ತೇ ಒಂದು ಚಿಕ್ಕ ಪತ್ರ ಕೊಟ್ಟಳು: ರಜೆ ಬೇಡ, ನಾಲ್ಕು ರಾತ್ರಿ ನಾನೇ ಮಾಡುತ್ತೇನೆ. ಹತ್ತು ಸಿ.ಎಲ್. ಹಾಗೇ ಉಳಿಯಿತು.

ಇನ್ನೊಂದು ಯೂನಿಟ್ಟಿನ ಹುಡುಗನ ವಿಷಯ ನೆನೆದರೆ ಈಗಲೂ ಬೇಸರವಾಗುತ್ತದೆ. ಅವನು ಮೇ 26ರಿಂದಲೇ ರಜೆ ಹಾಕಿ ಊರಿಗೆ ಹೋಗಿದ್ದ. ಅರ್ಜಿಯಲ್ಲಿ ಆ ಸಾಲು ಇರಲಿಲ್ಲ, ಸುದ್ದಿ ಬಂದ ಮೇಲೂ ಅವನು ಬರೆದು ತಿಳಿಸಲಿಲ್ಲ. ಮಂಜೂರಾದ ರಜೆ ಪೂರ್ತಿ ಖರ್ಚೆಂದು ಕಚೇರಿಯವರು ಬರೆದುಕೊಂಡರು. ಆಗಸ್ಟ್ ಬಂದಾಗ ಅವನ ಕೈಯಲ್ಲಿ ಒಂದು ದಿನವೂ ಇರಲಿಲ್ಲ. ಪರೀಕ್ಷೆಯ ಹಿಂದಿನ ದಿನದವರೆಗೂ ವಾರ್ಡಿನಲ್ಲಿದ್ದ.

ಹೊಸ ದಿನಾಂಕ ಆಗಸ್ಟ್ 3 ಅಂತ ಗೊತ್ತಾದ ಕೂಡಲೇ ಹುಡುಗಿ ಮತ್ತೆ ಎಣಿಸಿಕೊಂಡು ಬಂದಳು. ಜುಲೈ 23ರಿಂದ ಆಗಸ್ಟ್ 3, ಮತ್ತೆ ಎರಡು ಭಾನುವಾರ, ಮತ್ತೆ ಹತ್ತು ಸಿ.ಎಲ್. ಈ ಸಲ ರಜೆ ಎರಡು ತಿಂಗಳ ಪಟ್ಟಿಗೆ ಹರಡಿತ್ತು. ಆಗಸ್ಟಿನ ಪಟ್ಟಿ ತಯಾರಾಗುವ ಹೊತ್ತಿಗೆ ಅವಳು ಇಲ್ಲಿರುವುದಿಲ್ಲ. ಆದ್ದರಿಂದ ಆಗಸ್ಟಿನ ಮೊದಲ ಮೂರು ದಿನದ ಬದಲಿಯನ್ನೂ ಮೊದಲೇ ಬರೆದುಕೊಟ್ಟಿದ್ದಳು. ಹೊರಡುವ ಮುನ್ನ ವಾರ್ಡಿನ ತನ್ನ ರೋಗಿಗಳ ಪಟ್ಟಿಯನ್ನೂ ಗೆಳತಿಗೆ ಒಪ್ಪಿಸಿದ್ದಳು. ಯಾರಿಗೆ ಯಾವ ರಿಪೋರ್ಟ್ ಬರಬೇಕು, ಯಾರ ಇನ್ಸುಲಿನ್ ಬದಲಾಗಿದೆ, ಎಲ್ಲ ಬೆಡ್ಡಿನ ಸಂಖ್ಯೆ ಸಮೇತ.

ಆಗಸ್ಟ್ 4, ಸೋಮವಾರ, ಎಂಟು ಗಂಟೆಗೆ ರೌಂಡ್ಸ್ ಶುರು. ಅದಕ್ಕೆ ಹತ್ತು ನಿಮಿಷ ಮುಂಚೆ ಕರ್ತವ್ಯಕ್ಕೆ ಹಾಜರಾದ ಪತ್ರ ನನ್ನ ಮೇಜಿನ ಮೇಲಿತ್ತು. ಪರೀಕ್ಷೆ ಹೇಗಾಯಿತಮ್ಮ ಅಂತ ನಾನು ಕೇಳುವ ಮೊದಲೇ ಅವಳು ಕೇಳಿದಳು, "ಸರ್, ನಾಲ್ಕನೇ ಬೆಡ್ಡಿನ ಅಜ್ಜ ಮನೆಗೆ ಹೋದ್ರಾ?"

ನಮಸ್ಕಾರ.