ಕೈ ನೋಡಲೋ, ಕಾಗದ ನೋಡಲೋ?

ಕೇಳುಗರಿಗೆ ನಮಸ್ಕಾರ. ನಾನು ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ನನ್ನ ಏಳನೇ ತರಗತಿಯಲ್ಲಿ ಕಿವಿ ಕೇಳಿಸದ ಹುಡುಗಿಯೊಬ್ಬಳಿದ್ದಾಳೆ. ವಾರದಲ್ಲಿ ಕೆಲವು ದಿನ ಸಂಜ್ಞಾ ಭಾಷೆಯ ದುಭಾಷಿ ಮೇಡಂ ಬರುತ್ತಾರೆ. ನಾನು ಬಾಯಲ್ಲಿ ಹೇಳಿದ್ದನ್ನು ಅವರು ಕೈಯಲ್ಲಿ ಹೇಳುತ್ತಾರೆ. ಹಾಗಾದ್ರೆ ನಿಮ್ಮ ಪಾಠ ಮೊದಲಿನ ಹಾಗೇ ನಡೆಯುತ್ತೆ ಅಲ್ವಾ ಎಂದು ಜನ ಕೇಳುತ್ತಾರೆ. ಇಲ್ಲ, ನಡೆಯುವುದಿಲ್ಲ. ಆಮ್ಲ ಮತ್ತು ಪ್ರತ್ಯಾಮ್ಲದ ಪಾಠವನ್ನೇ ತೆಗೆದುಕೊಳ್ಳೋಣ.

ಅರಿಶಿನದ ಪುಡಿಯನ್ನು ನೀರಲ್ಲಿ ಕಲಸಿ ಕಾಗದಕ್ಕೆ ಸವರಿ ಒಣಗಿಸಿರುತ್ತೇವೆ. ಅದರ ಮೇಲೆ ಸಾಬೂನು ನೀರು ಬಿದ್ದರೆ ಕೆಂಪಾಗುತ್ತದೆ. ನಿಂಬೆರಸ ಬಿದ್ದರೆ ಹಳದಿಯಾಗಿಯೇ ಇರುತ್ತದೆ. ಮೇಷ್ಟ್ರುಗಳೆಲ್ಲ ಏನು ಮಾಡುತ್ತೇವೆ? "ನೋಡಿ ಮಕ್ಕಳೇ, ಈಗ ಸಾಬೂನು ನೀರು ಹಾಕ್ತಾ ಇದ್ದೀನಿ, ಬಣ್ಣ ಹೇಗೆ ಬದಲಾಗುತ್ತೆ ನೋಡಿ" ಎನ್ನುತ್ತಲೇ ಹನಿ ಬಿಡುತ್ತೇವೆ. ಬೇರೆ ಮಕ್ಕಳ ಕಿವಿ ಮಾತಿನ ಮೇಲೆ, ಕಣ್ಣು ಕಾಗದದ ಮೇಲೆ. ಈ ಹುಡುಗಿಗೆ ಎರಡಕ್ಕೂ ಕಣ್ಣೇ ಬೇಕು. ಜೊತೆಗೆ ದುಭಾಷಿ ನನ್ನ ಮಾತು ಕೇಳಿ, ಅರ್ಥ ಹಿಡಿದು ಕೈಗೆ ತರುವಷ್ಟರಲ್ಲಿ ಒಂದೆರಡು ಕ್ಷಣ ಹಿಂದೆ ಬಿದ್ದಿರುತ್ತಾರೆ. "ಬಣ್ಣ ನೋಡಿ" ಎನ್ನುವುದು ಅವಳಿಗೆ ತಲುಪುವ ಹೊತ್ತಿಗೆ ಕಾಗದ ಕೆಂಪಾಗಿ ಮುಗಿದಿರುತ್ತದೆ. ಕೆಂಪು ಬಣ್ಣ ಕಾಣಿಸುತ್ತದೆ, ಹಳದಿ ಕೆಂಪಾದದ್ದು ಕಾಣಿಸುವುದಿಲ್ಲ.

ಅದಕ್ಕೆ ಈ ಪಾಠದಲ್ಲಿ ಮಾತನ್ನೂ ಕೆಲಸವನ್ನೂ ಬೇರೆ ಮಾಡಬೇಕು. ಮೊದಲು ಏನು ಮಾಡುತ್ತೇನೆಂದು ಹೇಳುತ್ತೇನೆ. ದುಭಾಷಿಯ ಕೈ ನಿಲ್ಲುವವರೆಗೆ ಕಾಯುತ್ತೇನೆ. ಹುಡುಗಿಯ ಕಣ್ಣು ಕಾಗದಕ್ಕೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಹನಿ ಬಿಡುತ್ತೇನೆ. ಎಲ್ಲರೂ ನೋಡಿದ ಮೇಲೆ ಮತ್ತೆ ಮಾತು. ಸುಮ್ನೆ ನಿಲ್ಲುವುದು ಮೇಷ್ಟ್ರುಗಳಿಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ!

ದುಭಾಷಿ ನಿಲ್ಲುವ ಜಾಗವೂ ಮುಖ್ಯ. ಅವರು ಹಿಂದಿನ ಬೆಂಚಿನ ಪಕ್ಕ ಕೂತರೆ ಹುಡುಗಿ ಪ್ರತಿ ಸಲವೂ ತಲೆ ತಿರುಗಿಸಬೇಕು. ಬೋರ್ಡಿನ ಪಕ್ಕದಲ್ಲೇ ನಿಂತರೆ ಕೈ, ಬೋರ್ಡು, ಮೇಜಿನ ಮೇಲಿನ ಕಾಗದ ಮೂರೂ ಒಂದೇ ನೋಟಕ್ಕೆ ಹತ್ತಿರ ಸಿಗುತ್ತವೆ. ಕಿಟಕಿಗೆ ಬೆನ್ನು ಕೊಟ್ಟು ಮಾತ್ರ ನಿಲ್ಲಬಾರದು. ಹಿಂದಿನಿಂದ ಬೆಳಕು ಬಂದರೆ ಮುಖ ಕಪ್ಪಾಗಿ ಕಾಣುತ್ತದೆ, ಸಂಜ್ಞಾ ಭಾಷೆಯಲ್ಲಿ ಮುಖಭಾವವೂ ಮಾತಿನ ಭಾಗವೇ.

ಹಿಂದಿನ ದಿನವೇ ಮೇಡಂಗೆ ಪಾಠದ ಪದಗಳನ್ನು ಬರೆದು ಕೊಡುತ್ತೇನೆ: ಆಮ್ಲ, ಪ್ರತ್ಯಾಮ್ಲ, ಸೂಚಕ, ತಟಸ್ಥೀಕರಣ. ಸೂಚಕ ಎಂದರೆ ಅರಿಶಿನದ ಹಾಗೆ ಬಣ್ಣದಿಂದ ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ತೋರಿಸುವ ವಸ್ತು. ತಟಸ್ಥೀಕರಣ ಎಂದರೆ ಆಮ್ಲ, ಪ್ರತ್ಯಾಮ್ಲ ಸೇರಿದಾಗ ಒಂದರ ಗುಣವನ್ನು ಇನ್ನೊಂದು ಇಲ್ಲವಾಗಿಸುವುದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಿದ್ದವು. ಅಲ್ಲಿ ಸಿಗದ ಪದವನ್ನು ಬೆರಳಲ್ಲಿ ಅಕ್ಷರ ಅಕ್ಷರವಾಗಿ ತೋರಿಸಬೇಕಾಗುತ್ತದೆ. ಪ್ರತಿ ವಾಕ್ಯಕ್ಕೂ ಹಾಗೆ ಮಾಡಿದರೆ ಪಾಠ ಮುಗಿದ ಹಾಗೇ! ಆದ್ದರಿಂದ ಅವರೂ ಹುಡುಗಿಯೂ ಸೇರಿ ಈ ಪಾಠದ ಮಟ್ಟಿಗೆ ಒಂದು ಸನ್ನೆ ಒಪ್ಪಿಕೊಳ್ಳುತ್ತಾರೆ. ಬೋರ್ಡಿನಲ್ಲಿ ಆ ಪದದ ಪಕ್ಕ ಚಿತ್ರವೂ ಇರುತ್ತದೆ: ಆಮ್ಲಕ್ಕೆ ನಿಂಬೆಹಣ್ಣು, ಪ್ರತ್ಯಾಮ್ಲಕ್ಕೆ ಸಾಬೂನು.

ಇನ್ನು ಬರೆದು ಕೊಡುವ ಸೂಚನೆ. "ಅರಿಶಿನದ ಕಾಗದದ ಮೇಲೆ ಹನಿ ಹಾಕಿದ ನಂತರ ಉಂಟಾಗುವ ಬದಲಾವಣೆಯನ್ನು ಗಮನಿಸಿ ದಾಖಲಿಸಿ" ಎಂದು ಕೊಟ್ಟರೆ ಅವಳು ಓದುತ್ತಾಳೆ, ತಲೆಯಾಡಿಸುತ್ತಾಳೆ, ಪಕ್ಕದವಳನ್ನು ನೋಡಿ ಮಾಡುತ್ತಾಳೆ. ಕನ್ನಡವನ್ನು ಕಿವಿಯಲ್ಲಿ ಕೇಳಿ ಕಲಿತವಳಲ್ಲ ಅವಳು. ಸಂಜ್ಞಾ ಭಾಷೆಯಲ್ಲಿ ಪದಗಳ ಜೋಡಣೆಯೇ ಬೇರೆ. ಆದ್ದರಿಂದ ಒಂದು ಸಾಲಿಗೆ ಒಂದೇ ಕೆಲಸ ಬರೆಯುತ್ತೇನೆ:

ಕಾಗದ ತೆಗೆದುಕೋ.
ಒಂದು ಹನಿ ಹಾಕು.
ನೋಡು.
ಬಣ್ಣ ಬರೆ.

ಪ್ರತಿ ಸಾಲಿನ ಎದುರಿಗೂ ಸಣ್ಣ ಚಿತ್ರ. ಈ ಹಾಳೆಯನ್ನು ಎಲ್ಲ ಮಕ್ಕಳಿಗೂ ಕೊಡುತ್ತೇನೆ. ನಿಜ ಹೇಳಬೇಕೆಂದರೆ, ಬೇರೆ ಮಕ್ಕಳಲ್ಲೂ ಸುಮಾರು ಜನಕ್ಕೆ ಆ ಉದ್ದನೆಯ ವಾಕ್ಯ ಅರ್ಥವಾಗುತ್ತಿರಲಿಲ್ಲ.

ಕೈ ನೋಡುತ್ತಾ ನೋಟ್ಸ್ ಬರೆಯಲು ಆಗುವುದಿಲ್ಲ. ಅದಕ್ಕೇ ಪಕ್ಕದ ಹುಡುಗಿಯ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಕೊಡುತ್ತೇವೆ. ಮೇಡಂಗೂ ಬಿಡುವು ಬೇಕು. ಒಬ್ಬರೇ ಇಪ್ಪತ್ತು ನಿಮಿಷ ಬಿಡದೆ ಕೈ ಆಡಿಸಿದರೆ ದಣಿಯುತ್ತಾರೆ, ಮಾತುಗಳು ಬಿಟ್ಟುಹೋಗಲು ಶುರುವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಮಕ್ಕಳ ಕೈಗೆ ಪ್ರಯೋಗ ಕೊಟ್ಟರೆ ಮೇಡಂ ಕೈಗೆ ವಿಶ್ರಾಂತಿ.

ಪ್ರಶ್ನೆ ಕೇಳುವಾಗ ಹುಡುಗಿಯ ಮುಖ ನೋಡಿಯೇ ಕೇಳಬೇಕು. "ಅವಳಿಗೆ ಅರ್ಥ ಆಯ್ತಾ ಕೇಳಿ ಮೇಡಂ" ಎಂದರೆ ಅವಳೆದುರಿಗೇ ಅವಳನ್ನು ಹೊರಗಿಟ್ಟ ಹಾಗೆ. "ಅರ್ಥ ಆಯ್ತಾ" ಎನ್ನುವ ಪ್ರಶ್ನೆಯಿಂದ ಏನೂ ತಿಳಿಯುವುದೂ ಇಲ್ಲ, ಯಾವ ಮಗುವಾದರೂ ಹೂಂ ಎನ್ನುತ್ತದೆ. ಬದಲಿಗೆ ತರಗತಿಯಲ್ಲಿ ಇನ್ನೂ ತೋರಿಸದ ವಸ್ತು ಕೊಡಬೇಕು. ನಾನು ಕೊಟ್ಟದ್ದು ಸುಣ್ಣದ ತಿಳಿನೀರು. ಹನಿ ಹಾಕುವ ಮೊದಲೇ ಬಣ್ಣ ಹೇಳು ಎಂದೆ. ಅವಳು ಬೋರ್ಡಿನ ಸಾಬೂನಿನ ಚಿತ್ರ ತೋರಿಸಿ, ಕೆಂಪು ಎಂದು ಬರೆದಳು. ಹನಿ ಹಾಕಿದಳು, ಕೆಂಪಾಯಿತು. ನಾನು ಹೇಳದೆಯೇ ಅದರ ಮೇಲೆ ನಿಂಬೆರಸ ಹಿಂಡಿ, ಕಾಗದ ಮತ್ತೆ ಹಳದಿಯಾಗುವುದನ್ನು ಪಕ್ಕದವಳಿಗೆ ತೋರಿಸಿದಳು. ತಟಸ್ಥೀಕರಣ ನಾಳೆಯ ಪಾಠವಾಗಿತ್ತು.

ನಮಸ್ಕಾರ.