ಒಂದು ಕುರ್ಚಿ, ಏಳು ಸೆಟ್

ನಮಸ್ಕಾರ. ನೇಲ್ ಸ್ಟುಡಿಯೋ ತೆರೆಯಬೇಕು ಅಂತ ಹೊರಟವರು ನನ್ನ ಹತ್ತಿರ ಬಂದು ಮೊದಲು ಕೇಳುವುದು, ಜೆಲ್ ಪಾಲಿಶ್ ಗಟ್ಟಿ ಮಾಡಲು ಯಾವ ಲ್ಯಾಂಪ್ ತಗೊಳ್ಳಲಿ ಅಂತ. ಯಾವ ಯಾವ ಕೆಲಸ ಮಾಡಲ್ಲ ಅಂತ ನಿರ್ಧಾರ ಆಗಿದೆಯಾ ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಸುಮ್ಮನಾಗುತ್ತಾರೆ.

ನಾನೂ ಹಾಗೇ ಶುರು ಮಾಡಿದ್ದು. ಬೋರ್ಡಿನ ಮೇಲೆ ಜೆಲ್ ಪಾಲಿಶ್, ಅಕ್ರಿಲಿಕ್ ಎಕ್ಸ್‌ಟೆನ್ಷನ್, ನೇಲ್ ಆರ್ಟ್, ಪೆಡಿಕ್ಯೂರ್ ಎಲ್ಲವೂ ಇತ್ತು. ನೀರು ಚಿಮ್ಮುವ ದೊಡ್ಡ ಪಾದದ ಟಬ್ ತಂದೆ, ನೂರಕ್ಕೂ ಹೆಚ್ಚು ಬಣ್ಣದ ಬಾಟಲಿ ಜೋಡಿಸಿದೆ. ಉಗುರಿನ ಬುಡದ ಚರ್ಮ ಕತ್ತರಿಸುವ ನಿಪ್ಪರ್ ಮಾತ್ರ ಒಟ್ಟು ಮೂರೇ ಮೂರು. ಆರು ತಿಂಗಳಲ್ಲಿ ಆ ಟಬ್ಬು ಟವೆಲ್ ಇಡುವ ಜಾಗ ಆಯಿತು. ನಿಪ್ಪರ್ ಸಾಲದೆ ನಾನು ಪಟ್ಟ ಪಾಡು ಬೇರೆ. ಇವತ್ತು ಮಾತಾಡುವುದು ಅದರ ಬಗ್ಗೆಯೇ.

ಗಿರಾಕಿಗೆ ಯಾವುದು ಇಷ್ಟ, ನಿಮ್ಮ ಕೈಗೆ ಯಾವುದು ಚೆನ್ನಾಗಿ ಬರುತ್ತದೆ, ಇದೆಲ್ಲ ನೋಡಬೇಕು, ಸರಿ. ಆದರೆ ಇನ್ನೊಂದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಈ ಕೆಲಸ ಆರಿಸಿಕೊಂಡರೆ ನಾನು ಯಾವುದನ್ನು ಶುದ್ಧವಾಗಿ ಇಡಬೇಕಾಗುತ್ತದೆ? ಅಕ್ರಿಲಿಕ್ ಆದರೆ ಗಾಳಿ. ಪೆಡಿಕ್ಯೂರ್ ಆದರೆ ನೀರು. ಜೆಲ್ ಪಾಲಿಶ್ ಆದರೆ ಲೋಹದ ಸಾಮಾನು. ದುಡ್ಡು ಹೋಗುವುದೂ ಅದೇ ದಾರಿಯಲ್ಲಿ.

ಅಕ್ರಿಲಿಕ್‌ನಲ್ಲಿ ಪುಡಿ ಮತ್ತು ದ್ರವ ಸೇರಿಸಿ ಉಗುರು ಕಟ್ಟುತ್ತೇವಲ್ಲ, ಆ ದ್ರವ ಇಡೀ ದಿನ ಆವಿಯಾಗುತ್ತಲೇ ಇರುತ್ತದೆ. ಮುಖಕ್ಕೆ ಮಾಸ್ಕ್ ಹಾಕಿದ್ದೇನೆ ಅನ್ನುತ್ತೀರಿ. ಆ ಮಾಸ್ಕ್ ಧೂಳು ತಡೆಯಬಹುದು, ಆವಿ ತಡೆಯುವುದಿಲ್ಲ. ಆವಿಯನ್ನು ಹೊರಗೆ ತಳ್ಳುವ ಫ್ಯಾನ್ ಬೇಕು, ಹೊಸ ಗಾಳಿ ಒಳಗೆ ಬರುವ ದಾರಿ ಬೇಕು. ಕಿಟಕಿಯೇ ಇಲ್ಲದ ಕೋಣೆ ಬಾಡಿಗೆಗೆ ಹಿಡಿದಿದ್ದರೆ ಅಕ್ರಿಲಿಕ್ ಆಸೆ ಅಲ್ಲಿಗೇ ಬಿಡಿ.

ಪಾದದ ಟಬ್ಬಿನ ವಿಷಯಕ್ಕೆ ಒಂದು ನಿಜ ಘಟನೆ ಇದೆ. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ನೇಲ್ ಸಲೂನಿಗೆ ಹೋಗಿದ್ದ ನೂರಕ್ಕೂ ಹೆಚ್ಚು ಜನರಿಗೆ ಮೊಣಕಾಲಿನ ಕೆಳಗೆ ಕುರು ಎದ್ದವು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ಟಬ್ ಬಿಚ್ಚಿ ನೋಡಿದರೆ ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಕಟ್ಟಿಕೊಂಡಿದ್ದವು, ಅದರೊಳಗೆ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದಿತ್ತು. ಬರುವ ಮೊದಲು ಕಾಲಿನ ಕೂದಲು ಬೋಳಿಸಿಕೊಂಡಿದ್ದವರಿಗೆ ಅಪಾಯ ಜಾಸ್ತಿ ಇತ್ತು. ಟಬ್ಬಿನ ಒಳಗೋಡೆ ಹೊಳೆಯುತ್ತಿದ್ದರೆ ಸಾಲದು, ಕೊಳೆ ಇರುವುದು ಕಣ್ಣಿಗೆ ಕಾಣದ ಪೈಪಿನಲ್ಲಿ. ಹಾಗಾಗಿ ಪೆಡಿಕ್ಯೂರ್ ಮಾಡಲೇಬೇಕು ಅನ್ನುವವರು ಪೈಪೇ ಇಲ್ಲದ ಸಾದಾ ಬೇಸಿನ್ ತಗೊಳ್ಳಿ, ಒಬ್ಬೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿ. ಅಥವಾ ನೀರೇ ಇಲ್ಲದೆ ಮಾಡುವ ಪೆಡಿಕ್ಯೂರ್ ಕಲಿಯಿರಿ. ಸಕ್ಕರೆ ಕಾಯಿಲೆ ಇದ್ದು ಕಾಲಿನಲ್ಲಿ ಸ್ಪರ್ಶ ಕಡಿಮೆಯಾದವರನ್ನು ಮುಟ್ಟಲು ಹೋಗಬೇಡಿ, ಅದು ವೈದ್ಯರ ಕೆಲಸ.

ಕೊನೆಗೆ ನಾನು ಉಳಿಸಿಕೊಂಡಿದ್ದು ಇಷ್ಟೇ. ಕೈ ಮಾತ್ರ, ಸ್ವಂತ ಉಗುರು ಮಾತ್ರ, ಗಿಡ್ಡ ಉಗುರು, ಅದರ ಮೇಲೆ ಜೆಲ್ ಪಾಲಿಶ್. ಕೀಬೋರ್ಡ್ ಕುಟ್ಟುವವರು, ಪಾತ್ರೆ ತೊಳೆಯುವವರು, ಮಗು ಎತ್ತಿಕೊಳ್ಳುವವರು ನನ್ನ ಗಿರಾಕಿಗಳು. ಉದ್ದ ಉಗುರು ಬೇಕು ಅಂದವರನ್ನು ಬೇರೆ ಕಡೆ ಕಳಿಸುತ್ತೇನೆ. ಕೈ ಉಗುರು ತಿಂಗಳಿಗೆ ಹತ್ತಿರಹತ್ತಿರ 3 ಮಿಲಿಮೀಟರ್ ಬೆಳೆಯುತ್ತದೆ, ಹಾಗಾಗಿ ಮೂರು ನಾಲ್ಕು ವಾರಕ್ಕೆ ಬುಡದಲ್ಲಿ ಸಂದು ಕಾಣುತ್ತದೆ, ಅವರು ವಾಪಸ್ ಬರುತ್ತಾರೆ. ಹಳೇ ಜೆಲ್ ತೆಗೆದು ಹೊಸದು ಹಾಕಲು ಒಂದೂವರೆ ಗಂಟೆ. ಸಮಯ ಗೊತ್ತಿದ್ದರೆ ಲೆಕ್ಕ ಹಾಕಬಹುದು ನೋಡಿ.

ಆ ಲೆಕ್ಕವನ್ನೇ ಈಗ ಬಿಡಿಸಿ ಹೇಳುತ್ತೇನೆ. ಒಂದು ಕುರ್ಚಿ, ದಿನಕ್ಕೆ ಐದು ಜನ. ಬೆಳಿಗ್ಗೆ ಹತ್ತಕ್ಕೆ ಒಬ್ಬರು, ಹನ್ನೊಂದೂ ಮುಕ್ಕಾಲಿಗೆ ಇನ್ನೊಬ್ಬರು, ಊಟ ಆದಮೇಲೆ ಎರಡಕ್ಕೆ, ಮೂರೂ ಮುಕ್ಕಾಲಿಗೆ, ಐದೂವರೆಗೆ. ಒಬ್ಬೊಬ್ಬರಿಗೂ ಒಂದು ಸೆಟ್ ಬೇಕು: ಒಂದು ನಿಪ್ಪರ್, ಚರ್ಮ ಹಿಂದೆ ತಳ್ಳುವ ಒಂದು ಪುಷರ್, ಹಳೇ ಜೆಲ್ ಉಜ್ಜಿ ತೆಗೆಯುವ ಡ್ರಿಲ್ಲಿನ ತುದಿಗೆ ಹಾಕುವ ಮೂರು ಬಿಟ್. ಬಳಸಿದ ಸೆಟ್ಟನ್ನು ಮೊದಲು ಸೋಂಕುನಾಶಕ ದ್ರವದಲ್ಲಿ ನೆನೆಸಬೇಕು, ಬ್ರಷ್ ಹಾಕಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ಕಾಗದದ ಪೌಚಿನಲ್ಲಿ ಮುಚ್ಚಬೇಕು, ಆಮೇಲೆ ಡ್ರೈ ಹೀಟ್ ಓವನ್‌ನಲ್ಲಿ 180 ಡಿಗ್ರಿಯಲ್ಲಿ 60 ನಿಮಿಷ. ಆ 60 ನಿಮಿಷ ಶುರುವಾಗುವುದು ಒಳಗೆ 180 ತಲುಪಿದ ಮೇಲೆ, ಸ್ವಿಚ್ ಒತ್ತಿದ ಕ್ಷಣದಿಂದ ಅಲ್ಲ. ನಡುವೆ ಬಾಗಿಲು ತೆಗೆದರೆ ಎಣಿಕೆ ಮತ್ತೆ ಮೊದಲಿನಿಂದ.

ನನ್ನ ಹತ್ತಿರ ಮೂರೇ ನಿಪ್ಪರ್ ಇತ್ತು ಅಂದೆನಲ್ಲ, ಅಂದರೆ ಮೂರೇ ಸೆಟ್. ಮೊದಲ ಇಬ್ಬರು ಎದ್ದು ಹೋಗುವಾಗ ಒಂದೂಕಾಲು. ಊಟ ಬಿಟ್ಟು ಸೆಟ್ ತೊಳೆದು ಎರಡಕ್ಕೆ ಓವನ್ ಹಚ್ಚಿದೆ ಅಂದುಕೊಳ್ಳಿ. ಬಿಸಿಯಾಗಲು ಅರ್ಧ ಗಂಟೆ, ನಿಲ್ಲಲು ಒಂದು ಗಂಟೆ, ಮುಟ್ಟುವಷ್ಟು ತಣ್ಣಗಾಗಲು ಇನ್ನರ್ಧ ಗಂಟೆ. ಅಲ್ಲಿಗೆ ನಾಲ್ಕಾಯಿತು. ಎರಡು ಗಂಟೆಯವರಿಗೆ ಮೂರನೇ ಸೆಟ್ಟೂ ಹೋಗಿರುತ್ತದೆ, ಮೂರೂ ಮುಕ್ಕಾಲಿನ ಗಿರಾಕಿ ಎದುರಿಗೆ ಕೂತಿದ್ದಾರೆ. ಬರೀ ಕಾಲು ಗಂಟೆಯ ಕೊರತೆ. ಕಳ್ಳ ದಾರಿ ಹಿಡಿಯುವುದು ಇಂಥ ಕಾಲು ಗಂಟೆಯಲ್ಲೇ ರೀ. ಸ್ಪಿರಿಟ್ ಹಾಕಿ ಒರೆಸಿದರೆ ಸಾಕು ಅನ್ನಿಸಿಬಿಡುತ್ತದೆ. ಸಾಕಾಗಲ್ಲ. ನಿಪ್ಪರ್ ಚರ್ಮ ಕತ್ತರಿಸುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ತಾಗಿರುತ್ತದೆ, ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕುತ್ತದೆ.

ನಾಲ್ಕನೇ ಸೆಟ್ ಕೊಂಡರೆ ದಿನ ಹೇಗೋ ದಾಟುತ್ತದೆ, ಆದರೆ ದಿನಾ ಊಟ ಹೋಯಿತು. ಐದಿದ್ದರೆ ಸಂಜೆ ಒಂದೇ ಸಲ ಓವನ್ ಹಚ್ಚಿದರೆ ಮುಗಿಯಿತು. ಒಂದು ಸೆಟ್ ಕೈ ಜಾರಿ ನೆಲಕ್ಕೆ ಬಿದ್ದರೆ ಅಂತ ಇನ್ನೊಂದು, ನಿಪ್ಪರ್ ಸಾಣೆಗೆ ಹೋಗಿದ್ದರೆ ಅಂತ ಮತ್ತೊಂದು. ಹೀಗೆ ಏಳು. ನೂರು ಬಣ್ಣದ ಬದಲು ಮೂವತ್ತು ಬಣ್ಣ ತಂದಿದ್ದರೆ ಈ ಏಳು ಸೆಟ್ ನನಗೆ ಮೊದಲ ದಿನವೇ ಸಿಗುತ್ತಿತ್ತು. ಗಿರಾಕಿಗಳು ಹೊರಳಿ ಹೊರಳಿ ಕೇಳುವುದು ಹತ್ತು ಹನ್ನೆರಡು ಬಣ್ಣ ಮಾತ್ರ.

ಓವನ್ನಾ ಆಟೋಕ್ಲೇವಾ ಅನ್ನುವ ವಾದ ಇದೆ. ಮೊದಲು ನಿಮ್ಮ ಕಡೆಯ ನಿಯಮ ಏನು ಹೇಳುತ್ತದೆ ನೋಡಿ, ಕೆಲವು ಕಡೆ ಆಟೋಕ್ಲೇವೇ ಆಗಬೇಕು. ಅದು ಒತ್ತಡದ ಹಬೆಯಲ್ಲಿ ಕೆಲಸ ಮಾಡುತ್ತದೆ, 134 ಡಿಗ್ರಿಯಲ್ಲಿ ಕೆಲವೇ ನಿಮಿಷ ಸಾಕು, ಒಣಗುವುದೂ ಸೇರಿದರೆ ಸಮಯ ಇನ್ನೂ ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅಗ್ಗದ ಬಿಟ್‌ಗಳು ತುಕ್ಕು ಹಿಡಿಯುತ್ತವೆ, ಪೌಚ್ ಒದ್ದೆಯಾಗಿ ಹೊರಬಂದರೆ ಅದನ್ನು ಲೆಕ್ಕಕ್ಕೆ ತಗೊಳ್ಳುವ ಹಾಗಿಲ್ಲ. ಓವನ್ ಬೆಲೆ ಕಡಿಮೆ. ಕಾಗದದ ಪೌಚ್ ಕಪ್ಪಗೆ ಸುಟ್ಟು ಪುಡಿಯಾಗುತ್ತಿದ್ದರೆ ಓವನ್ ತೋರಿಸುವ ಡಿಗ್ರಿಯೇ ಸುಳ್ಳು ಅಂತ ತಿಳಿಯಿರಿ.

ನೀಲಿ ದೀಪದ ಯುವಿ ಡಬ್ಬಿಯನ್ನು ಸ್ಟೆರಿಲೈಸರ್ ಅಂತ ಮಾರುತ್ತಾರೆ. ದಯವಿಟ್ಟು ನಂಬಬೇಡಿ. ಬೆಳಕು ಬಿದ್ದ ಮೇಲ್ಮೈಗೆ ಅಷ್ಟೋ ಇಷ್ಟೋ ಕೆಲಸ ಆದೀತು. ನಿಪ್ಪರಿನ ಕೀಲು, ಬಿಟ್ಟಿನ ಹಲ್ಲಿನ ಸಂದು, ಇವೆಲ್ಲ ನೆರಳಲ್ಲೇ ಉಳಿಯುತ್ತವೆ. ಇನ್ನೊಂದು ಮಾತು, ಪೌಚಿನ ಮೇಲಿನ ಗುರುತು ಬಣ್ಣ ಬದಲಾಯಿಸಿದ ಕೂಡಲೇ ಎಲ್ಲ ಸರಿ ಅಂತಲ್ಲ. ಅದು ಬಿಸಿ ತಗುಲಿತು ಅಂತ ಹೇಳುತ್ತದೆ, ಒಳಗಿನ ರೋಗಾಣು ಸತ್ತವು ಅಂತ ಹೇಳುವುದಿಲ್ಲ. ಅದಕ್ಕೆ ಆಗಾಗ ಸ್ಪೋರ್ ಪರೀಕ್ಷೆ ಮಾಡಿಸಬೇಕು. ಗಟ್ಟಿ ಬ್ಯಾಕ್ಟೀರಿಯಾ ಇರುವ ಪಟ್ಟಿಯೊಂದನ್ನು ಸಾಮಾನಿನ ಜೊತೆ ಬೇಯಿಸಿ ಲ್ಯಾಬಿಗೆ ಕೊಟ್ಟರೆ, ಅದು ಬದುಕಿತಾ ಸತ್ತಿತಾ ಅಂತ ಹೇಳುತ್ತಾರೆ. ಉಗುರು ಉಜ್ಜುವ ಕಾಗದ ಮತ್ತು ಮರದ ಫೈಲುಗಳು ತೊಳೆಯಲು ಬರುವುದಿಲ್ಲ, ಒಬ್ಬರಿಗೆ ಬಳಸಿ ಎಸೆಯಬೇಕು, ಅಷ್ಟೇ.

ಡ್ರಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 35,000 ಸುತ್ತು ಅಂತ ಜಾಹೀರಾತು ಮಾಡುತ್ತಾರೆ, ನಿಮಿಷಕ್ಕೆ ಅಷ್ಟು ಸುತ್ತಿನಲ್ಲಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಚರ್ಮದ ಹತ್ತಿರ ಹತ್ತು ಸಾವಿರದ ಒಳಗೇ ಇರುತ್ತೇನೆ. ಅಂಗಡಿಯಲ್ಲೇ ಬಿಟ್ ಹಾಕಿ ಓಡಿಸಿ ತುದಿಯನ್ನು ನೋಡಿ, ಅಲುಗಾಡಿ ಮಸುಕಾಗಿ ಕಂಡರೆ ಬೇಡ. ಜೊತೆಗೆ ಧೂಳು ಎಳೆಯುವ ಯಂತ್ರವೂ ಬೇಕು, ಅದು ಗಿರಾಕಿಯ ಬೆರಳಿನ ಕೆಳಗೇ ಇರಬೇಕು.

ಇನ್ನು ಲ್ಯಾಂಪ್. ಅದನ್ನು ಕೊನೆಗೆ ಕೊಳ್ಳಿ. ಮೊದಲು ಜೆಲ್ ಆರಿಸಿ, ಆ ಜೆಲ್ ಮಾಡಿದವರು ಯಾವ ಲ್ಯಾಂಪ್ ಹೇಳುತ್ತಾರೋ ಅದನ್ನೇ ತಗೊಳ್ಳಿ. ಬರೀ ವ್ಯಾಟ್ ನೋಡಿ ತಂದರೆ ಬೆಳಕಿನ ತರಂಗ ಜೆಲ್‌ಗೆ ಹೊಂದದೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯಬಹುದು. ಹೊರಗಿಂದ ಗೊತ್ತೇ ಆಗಲ್ಲ, ಕೆಲವೊಮ್ಮೆ ಪದರ ಸುಕ್ಕುಗಟ್ಟುತ್ತದೆ, ಕೆಲವೊಮ್ಮೆ ಹಾಳೆಯ ಹಾಗೆ ಎದ್ದು ಬರುತ್ತದೆ. ಗಟ್ಟಿಯಾಗದ ಆ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಶುರುವಾಗುತ್ತದೆ. ಉಗುರಿನ ಸುತ್ತ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ, ಬೆರಳ ತುದಿ ಬಿರಿಯುವುದು. ಇದು ನಿಮಗೂ ಬರಬಹುದು, ದಿನವಿಡೀ ಮುಟ್ಟುವವರು ನೀವೇ ತಾನೇ.

ನನ್ನ ಒಬ್ಬ ಗಿರಾಕಿಗೆ ಹೀಗಾಯಿತು. ಎರಡು ಸಲ ತುರಿಕೆ ಅಂದರು, ನಾನು ಚಳಿಗೆ ಚರ್ಮ ಒಣಗಿದೆ ಅಂದುಕೊಂಡೆ. ಮೂರನೇ ಸಲ ಗುಳ್ಳೆ ಕಂಡಿತು. ಜೆಲ್ ಪೂರ್ತಿ ತೆಗೆದು ಚರ್ಮದ ವೈದ್ಯರ ಹತ್ತಿರ ಕಳಿಸಿದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಹಲ್ಲಿಗೆ ತುಂಬುವ ಕೆಲವು ಸಾಮಗ್ರಿಯಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ. ಹಾಗಾಗಿ ಮುಂದೆ ಯಾವಾಗ ಹಲ್ಲಿನ ವೈದ್ಯರ ಹತ್ತಿರ ಹೋದರೂ ಇದನ್ನು ಮೊದಲೇ ಹೇಳಿ ಅಂತ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ.