ಆರು ವರ್ಷಕ್ಕೆ ಮೂರು ವಾಕ್ಯ

ಕೇಳುಗರಿಗೆ ನಮಸ್ಕಾರ. ಮಂಡ್ಯದಲ್ಲಿರುವ ನನ್ನ ತಂಗಿಯ ಮಗಳು ಮೈಸೂರಿನ ಕಾರ್ಖಾನೆಯೊಂದರ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕುವವಳಿದ್ದಳು. "ದೊಡ್ಡಮ್ಮ, ಇಮೇಲ್ ಬರೆದಿದೀನಿ, ಒಂಚೂರು ನೋಡಿ" ಅಂತ ಕಳಿಸಿದಳು. ಇಂಥ ಅರ್ಜಿಗಳನ್ನು ವರ್ಷಗಟ್ಟಲೆ ಓದಿ ಜನರನ್ನು ಆರಿಸಿದವಳು ನಾನು.

ಏಳು ವರ್ಷ ಲೆಕ್ಕ ಬರೆದಿದ್ದ ಹುಡುಗಿ. 2019ರ ಮಾರ್ಚಿನಲ್ಲಿ ಅವಳ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದರು, ಇವಳು ಕೆಲಸ ಬಿಟ್ಟಳು. 2025ರಲ್ಲಿ ಅತ್ತೆ ತೀರಿಕೊಂಡರು. ಇಮೇಲಿನ ಮೊದಲ ಸಾಲೇ, "ಕಾರಣಾಂತರಗಳಿಂದ ಆರು ವರ್ಷ ಕೆಲಸ ಮಾಡಲಾಗಲಿಲ್ಲ, ಕ್ಷಮಿಸಿ." ಕೆಳಗೆ ಆಸ್ಪತ್ರೆ, ಮೂಗಿನ ನಳಿಕೆ, ನಿದ್ದೆಯಿಲ್ಲದ ರಾತ್ರಿಗಳು. ಇನ್ನೂ ಮೂರು ಕಡೆ ಕ್ಷಮೆ. ಓದುತ್ತಾ ನನ್ನ ಕರುಳು ಚುರುಕ್ ಎಂದಿತು. ಅವಳಿಗೆ ಬರುವ ಕೆಲಸದ ಮಾತು ಮಾತ್ರ ಕೊನೆಯ ಸಾಲಿನಲ್ಲಿತ್ತು.

ಅರ್ಜಿ ಓದುವವರು ತಿಳಿಯಬೇಕಾದದ್ದು ಎರಡು. ಇವರು ಈಗ ದಿನವೂ ಬರಬಲ್ಲರೇ? ಕೆಲಸ ಇನ್ನೂ ಕೈಯಲ್ಲಿದೆಯೇ? ಕ್ಷಮೆ ಇವೆರಡಕ್ಕೂ ಉತ್ತರವಲ್ಲ. "ಕಾರಣಾಂತರ" ಎಂಬ ಮಾತಂತೂ ಕೆಲಸದಿಂದ ತೆಗೆದಿದ್ದರೇನೋ ಎಂಬ ಅನುಮಾನ ಹುಟ್ಟಿಸುತ್ತದೆ.

ಹಾಗಾಗಿ ಏಳು ವರ್ಷದ ಅನುಭವವನ್ನು ಮೇಲಕ್ಕೆ ತಂದೆವು. ಎರಡನೇ ಪ್ಯಾರಾದಲ್ಲಿ ಹೀಗೆ ಬರೆದೆವು: "2019ರ ಮಾರ್ಚಿನಿಂದ 2025ರವರೆಗೆ ಮನೆಯ ಹಿರಿಯರೊಬ್ಬರ ಆರೈಕೆಗಾಗಿ ಕೆಲಸ ಬಿಟ್ಟಿದ್ದೆ. ಆ ಜವಾಬ್ದಾರಿ ಮುಗಿದಿದೆ, ಪೂರ್ಣಾವಧಿ ಕೆಲಸಕ್ಕೆ ಬರಬಲ್ಲೆ. ಈ ನಡುವೆ ಬಂದ ಇ-ಇನ್‌ವಾಯ್ಸ್ ಪದ್ಧತಿ ಕಲಿತಿದ್ದೇನೆ, ಮೂರು ತಿಂಗಳಿಂದ ಸಿಮೆಂಟ್ ಡೀಲರೊಬ್ಬರ ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದೇನೆ."

ಮೂರನೇ ವಾಕ್ಯವೇ ಮುಖ್ಯ. ಅವಳು ಕೆಲಸ ಬಿಟ್ಟಾಗ, ವ್ಯಾಪಾರದ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಈ ಇ-ಇನ್‌ವಾಯ್ಸ್ ಇರಲೇ ಇಲ್ಲ. 2020ರ ಅಕ್ಟೋಬರಿನಲ್ಲಿ ದೊಡ್ಡ ಕಂಪನಿಗಳಿಗೆ ಶುರುವಾಗಿ, 2023ರ ಆಗಸ್ಟಿನಿಂದ 5 ಕೋಟಿ ವಹಿವಾಟು ದಾಟಿದವರಿಗೂ ಬಂತು. ಅದು ಗೊತ್ತಿದೆ ಎಂದು ಇಮೇಲೇ ಹೇಳಿದರೆ, ಆರು ವರ್ಷದ ಅಂತರದ ಬಗ್ಗೆ ಕೇಳಬೇಕಾದ ದೊಡ್ಡ ಪ್ರಶ್ನೆಯೇ ಉಳಿಯುವುದಿಲ್ಲ. ಕಲಿಯದೆ ಬರೆದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಅದಕ್ಕೇ ಅವಳು ಮೊದಲು ಆ ಡೀಲರ್ ಹತ್ತಿರ ಕೂತಳು, ಆಮೇಲೆ ಅರ್ಜಿ ಬರೆದಳು.

ಕೆಲವರು ತಾರೀಖು ಎಳೆದು ಅಂತರವನ್ನು ಚಿಕ್ಕದು ಮಾಡುತ್ತಾರೆ. ದಯವಿಟ್ಟು ಬೇಡ. ಕೆಲಸ ಬಿಟ್ಟ ದಿನ ಪಿಎಫ್ ದಾಖಲೆಯಲ್ಲೇ ಇರುತ್ತದೆ. ಆರೈಕೆ ಇನ್ನೂ ಮುಗಿದಿಲ್ಲವಾದರೆ "ಮುಗಿದಿದೆ" ಎನ್ನಬೇಡಿ. "ಹಗಲು ನೋಡಿಕೊಳ್ಳಲು ಜನ ಇದ್ದಾರೆ, ಒಂಬತ್ತರಿಂದ ಆರರವರೆಗೆ ಬರಬಲ್ಲೆ" ಎಂದು ಇದ್ದದ್ದನ್ನೇ ಬರೆಯಿರಿ.

"ಕ್ಷಮಿಸಿ ಅನ್ನದಿದ್ರೆ ಸೊಕ್ಕು ಅನ್ಕೊಳಲ್ವಾ ದೊಡ್ಡಮ್ಮ?" ಎಂದು ಕೊನೆಗೂ ಕೇಳಿದಳು. "ಅತ್ತೇನ ನೋಡ್ಕೊಂಡಿದ್ದು ತಪ್ಪೇನವ್ವಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಉಳಿದಿದ್ದ ಒಂದು "ಕ್ಷಮಿಸಿ"ಯನ್ನೂ ಅಳಿಸಿ, "ಓದಿದ್ದಕ್ಕೆ ಧನ್ಯವಾದ" ಎಂದು ಬರೆದು ಕಳಿಸಿದಳು.